ಮೋಲ್ಡ್ ಹಾಕಲು ಫಂಡ್ ಮಾರಿದಾಗ

2025ರ ಮಾರ್ಚ್‌ನಲ್ಲಿ ನಮ್ಮ ಮನೆಯ ಮೇಲಿನ ಮಹಡಿಗೆ ಹತ್ತು ಲಕ್ಷ ಬೇಕಿತ್ತು. ಮೋಲ್ಡ್ ಹಾಕುವ ಮೊದಲು ಅರ್ಧ ಕೊಡಿ, ಉಳಿದದ್ದು ಏಪ್ರಿಲ್‌ನಲ್ಲಿ ಸಾಕು ಅಂದಿದ್ದರು ಮೇಸ್ತ್ರಿ. ನನ್ನ ಹೆಸರಿನ ಈಕ್ವಿಟಿ ಫಂಡ್‌ನಿಂದಲೇ ತೆಗೆಯೋಣ ಅಂತ ನಿರ್ಧರಿಸಿದೆ. ವರ್ಷಗಳಿಂದ ಎಸ್‌ಐಪಿ ಕಟ್ಟಿದ ದುಡ್ಡು ಅದು. ಹಾಕಿದ್ದು 12 ಲಕ್ಷ, ಆಗಿದ್ದದ್ದು 18 ಲಕ್ಷ.

ಸ್ಟೇಟ್‌ಮೆಂಟ್ ಹಿಡಿದು ನಮ್ಮ ಆಡಿಟರ್ ಹತ್ತಿರ ಹೋದೆ. "ಒಟ್ಟು ಲೆಕ್ಕ ಬಿಡಿ ಮೇಡಂ, ಮೊದಲು ಕೊಂಡ ಯೂನಿಟ್ಟೇ ಮೊದಲು ಮಾರಾಟ ಆಗೋದು," ಅಂದರು. ಹಳೆಯ ಯೂನಿಟ್‌ಗಳನ್ನು ತೀರಾ ಕಡಿಮೆ ಬೆಲೆಗೆ ಕೊಂಡಿದ್ದೆ. ಹಾಗಾಗಿ ಒಟ್ಟು ಖಾತೆಯಲ್ಲಿ ಮೂರನೇ ಒಂದು ಪಾಲು ಲಾಭ ಕಂಡರೂ, ನಾನು ಮಾರುವ ಹತ್ತು ಲಕ್ಷದಲ್ಲಿ ಸುಮಾರು ಐದು ಲಕ್ಷ ಲಾಭವೇ ಇತ್ತು. ಒಂದು ಅನುಕೂಲವೂ ಇತ್ತು. ಎಲ್ಲವೂ ವರ್ಷ ದಾಟಿದ ಯೂನಿಟ್‌ಗಳು. ವರ್ಷ ತುಂಬದೆ ಮಾರಿದರೆ ಲಾಭದ ಮೇಲೆ 20% ತೆರಿಗೆ. ದಾಟಿದ್ದರೆ 12.5%, ಅದೂ ಆ ಆರ್ಥಿಕ ವರ್ಷದ ಲಾಭದಲ್ಲಿ ಮೊದಲ 1.25 ಲಕ್ಷ ಬಿಟ್ಟು.

ಈ 1.25 ಲಕ್ಷದ ವಿನಾಯಿತಿ ಪ್ರತಿ ವರ್ಷ ಹೊಸದಾಗಿ ಸಿಗುತ್ತದೆ, ಬಳಸದಿದ್ದರೆ ಮುಂದಿನ ವರ್ಷಕ್ಕೆ ಹೋಗಲ್ಲ. ಎಲ್ಲವನ್ನೂ ಒಂದೇ ವರ್ಷ ಮಾರಿದರೆ 3.75 ಲಕ್ಷಕ್ಕೆ ತೆರಿಗೆ, 4% ಸೆಸ್ ಸೇರಿ 48,750 ರೂಪಾಯಿ. ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಮಾರಿದರೆ ಎರಡೂ ವರ್ಷ ಸೇರಿ 32,500. ಮೇಸ್ತ್ರಿಗೂ ದುಡ್ಡು ಎರಡು ಕಂತಲ್ಲೇ ಬೇಕಿತ್ತು, ಅಲ್ವಾ? ಹಾಗೇ ಮಾಡಿದೆ.

ಆದರೆ ದಿನಾಂಕ ನೋಡಿಕೊಳ್ಳಬೇಕು. ಮಧ್ಯಾಹ್ನ 3 ಗಂಟೆ ಮೇಲೆ ಕೊಟ್ಟ ಆರ್ಡರ್‌ಗೆ ಮುಂದಿನ ಕೆಲಸದ ದಿನದ ಎನ್‌ಎವಿ, ಅಂದರೆ ಆ ದಿನದ ಯೂನಿಟ್ ಬೆಲೆ, ಸಿಗುತ್ತದೆ. ಆ ವರ್ಷ ಮಾರ್ಚ್ 31 ರಂಜಾನ್ ರಜೆ, ಹಿಂದಿನ ಎರಡು ದಿನ ಶನಿವಾರ, ಭಾನುವಾರ. ಅಂದರೆ 28ರ ಶುಕ್ರವಾರ ತಡವಾಗಿ ಮಾರಿದ್ದು ಏಪ್ರಿಲ್ ಲೆಕ್ಕಕ್ಕೆ ಬೀಳುತ್ತಿತ್ತು. ನಾನು ಆ ವಾರದ ಶುರುವಿನಲ್ಲೇ ಮಾರಿದ್ದೆ.

ಎರಡನೇ ಭಾಗವನ್ನು ಏಪ್ರಿಲ್ ಶುರುವಾದ ಕೂಡಲೇ ಮಾರಿದೆ. ಏಪ್ರಿಲ್ 7ರಂದು ಸೆನ್ಸೆಕ್ಸ್ 2,200ಕ್ಕೂ ಜಾಸ್ತಿ ಅಂಕ ಬಿತ್ತು. ನಾಲ್ಕು ದಿನ ಸುಮ್ನೆ ಕಾದಿದ್ದರೆ ಉಳಿಸಿದ ಹದಿನಾರು ಸಾವಿರ ಅಲ್ಲೇ ಕರಗುತ್ತಿತ್ತು. ಕೊಡಬೇಕಾದ ದಿನ ದೂರ ಇಲ್ಲದಿದ್ದಾಗ ತೆರಿಗೆಗಾಗಿ ತಿಂಗಳುಗಟ್ಟಲೆ ಕಾಯುವುದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ನನಗೆ ಕಾಯಬೇಕಾಗಿದ್ದದ್ದು ಕೆಲವೇ ದಿನ.

ಫಂಡ್‌ನವರು ನಮ್ಮಂಥ ಇಲ್ಲಿನ ನಿವಾಸಿಗಳ ಲಾಭಕ್ಕೆ ಟಿಡಿಎಸ್ ಹಿಡಿಯುವುದಿಲ್ಲ, ಪೂರ್ತಿ ದುಡ್ಡು ಖಾತೆಗೆ ಬರುತ್ತದೆ. ಮೇಸ್ತ್ರಿಗೆ ಕೊಡುವ ಮೊದಲೇ ತೆರಿಗೆ ಪಾಲು ಬೇರೆ ಇಟ್ಟೆ. ಮಾರ್ಚ್ ಭಾಗದ 16,250 ರೂಪಾಯಿಯನ್ನು 31ರೊಳಗೆ ಮುಂಗಡ ತೆರಿಗೆಯಾಗಿ ಕಟ್ಟಿದೆ. ಏಪ್ರಿಲ್ ಭಾಗದ್ದನ್ನು ಜೂನ್ 15ರ ಮೊದಲ ಕಂತಿನಲ್ಲೇ ಪೂರ್ತಿ ತೀರಿಸಿದೆ.