ಸೂಜಿಮೊನೆ ಕಾಲನಿ, ಜೆಂಟಾಮೈಸಿನ್, ಮತ್ತು ದಾರಿ ತಪ್ಪಿದ ಎಲೆಕ್ಟ್ರಾನ್

ಮೂಳೆ ವಿಭಾಗದಿಂದ ಬಂದ ಕೀವು. ಹಳೆಯ ಸೋಂಕು, ಆಪರೇಷನ್ ಆಗಿದೆ, ಒಳಗೆ ಜೆಂಟಾಮೈಸಿನ್ ಮಣಿ ಇಟ್ಟಿದ್ದಾರೆ, ಆದರೂ ಸೋರುವುದು ನಿಂತಿಲ್ಲ. ಗ್ರಾಂ ಸ್ಟೇನ್‌ನಲ್ಲಿ ಕೀವುಕಣಗಳ ಒಳಗೆ ಗೊಂಚಲು ಕಾಕೈ ಕಾಣುತ್ತಿದೆ. ಇಪ್ಪತ್ನಾಲ್ಕು ಗಂಟೆಯ ಬ್ಲಡ್ ಅಗರ್ ಮಾತ್ರ ಖಾಲಿ. ವಾರ್ಡಿನಿಂದ ಫೋನ್: "ಮೇಡಂ, ನೋ ಗ್ರೋತ್ ಅಂತ ಹಾಕಿಬಿಡ್ತೀರಾ? ಡಿಸ್ಚಾರ್ಜ್ ಇದೆ." ಸಾಫ್ಟ್‌ವೇರ್ ಕೂಡ ಅದೇ ಬಟನ್ ಮುಂದಿಟ್ಟು ಕೂತಿರುತ್ತದೆ. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಮೊದಲ ಗೆರೆಯ ಮೇಲೆ ರವೆ ಉದುರಿದಂತೆ ಏನೋ ಇದೆ. ಬಣ್ಣವಿಲ್ಲ, ಹೀಮೋಲಿಸಿಸ್ ಇಲ್ಲ. 48 ಗಂಟೆಗೆ ಸೂಜಿಮೊನೆಯಷ್ಟು ಕಾಲನಿಗಳು ಮೂಡುತ್ತವೆ, 72ಕ್ಕೆ ಸ್ವಲ್ಪ ದಪ್ಪವಾಗುತ್ತವೆ. ಅವುಗಳ ನಡುವೆ ಒಂದೆರಡು ದೊಡ್ಡ, ಹೊಂಬಣ್ಣದ, ಎಲ್ಲರಿಗೂ ಪರಿಚಯವಿರುವ ಸ್ಟಾಫ್ ಆರಿಯಸ್ ಕಾಲನಿ.

ಎಡವಟ್ಟು ಆಗುವುದು ಇಲ್ಲೇ. ಕೈ ತಾನಾಗಿ ದೊಡ್ಡ ಕಾಲನಿಯ ಕಡೆ ಹೋಗುತ್ತದೆ. ಅದನ್ನೇ ಎತ್ತಿ ಸೆನ್ಸಿಟಿವಿಟಿ ಹಾಕಿದರೆ ಜೆಂಟಾಮೈಸಿನ್ ಝೋನ್ ಚೆನ್ನಾಗಿಯೇ ಬರುತ್ತದೆ, 'ಎಸ್' ಎಂದು ರಿಪೋರ್ಟ್ ಹೊರಡುತ್ತದೆ. ಮೂಳೆಯೊಳಗೆ ಕೂತಿರುವ ಸಣ್ಣ ಕಾಲನಿಯವರಿಗೆ ಆ ಔಷಧ ತಾಗುವುದೇ ಇಲ್ಲ. ಎರಡೂ ಒಂದೇ ತಳಿ. ವ್ಯತ್ಯಾಸ ಇರುವುದು ಎಲೆಕ್ಟ್ರಾನ್ ಸಾಗುವ ದಾರಿಯಲ್ಲಿ.

ಇವುಗಳಿಗೆ ಬೆಂಚಿನ ಹೆಸರು ಎಸ್‌ಸಿವಿ, ಅಂದರೆ ಸ್ಮಾಲ್ ಕಾಲನಿ ವೇರಿಯಂಟ್. ಮೂಳೆಸೋಂಕಿನಿಂದ ಬರುವವು ಹೆಚ್ಚಾಗಿ ಎರಡು ಬಗೆ: ಹೀಮ್ ತಯಾರಿಸಲಾಗದವು, ಮೆನಾಕ್ವಿನೋನ್ ತಯಾರಿಸಲಾಗದವು. 1997ರಲ್ಲಿ ಸಂಶೋಧಕರು ಸ್ಟಾಫ್ ಆರಿಯಸ್‌ನ ಹೆಮ್-ಬಿ ಜೀನ್ ಒಂದನ್ನೇ ಬೇಕೆಂದು ಕೆಡಿಸಿದಾಗ ಇದೇ ರೂಪದ ಕಾಲನಿ ಸಿಕ್ಕಿತು. ಆಮೇಲೆ ಕಾರಣದ ಬಗ್ಗೆ ಊಹೆ ಬೇಕಾಗಲಿಲ್ಲ.

ಎಲೆಕ್ಟ್ರಾನ್ ಸಾಗುವ ಸರಪಳಿ ಸರಿಯಿದ್ದಾಗ ಏನಾಗುತ್ತದೆ ಎನ್ನುವುದನ್ನು ಮೊದಲು ನೋಡೋಣ. ಗ್ಲೂಕೋಸ್ ಒಡೆದಾಗ ಎಲೆಕ್ಟ್ರಾನ್ ಎನ್‌ಎಡಿಎಚ್ ಮೇಲೆ ಕೂರುತ್ತದೆ. ಸ್ಟಾಫ್ ಆರಿಯಸ್‌ನ ಎನ್‌ಎಡಿಎಚ್ ಡಿಹೈಡ್ರೋಜನೇಸ್ ಸರಳ ಜಾತಿಯದು, ಮೈಟೊಕಾಂಡ್ರಿಯದ ಕಾಂಪ್ಲೆಕ್ಸ್ 1ರಂತೆ ಪ್ರೋಟಾನ್ ಪಂಪ್ ಮಾಡುವುದಿಲ್ಲ. ಎಲೆಕ್ಟ್ರಾನನ್ನು ಮೆನಾಕ್ವಿನೋನ್‌ಗೆ ದಾಟಿಸುತ್ತದೆ, ಅಷ್ಟೇ. ಮೆನಾಕ್ವಿನೋಲ್ ಪೊರೆಯೊಳಗೆ ಸರಿದಾಡಿ ಹೀಮ್ ಇರುವ ಕ್ವಿನೋಲ್ ಆಕ್ಸಿಡೇಸ್‌ಗೆ ಎಲೆಕ್ಟ್ರಾನ್ ಕೊಡುತ್ತದೆ, ಅದು ಆಮ್ಲಜನಕಕ್ಕೆ ಕೊಟ್ಟು ನೀರು ಮಾಡುತ್ತದೆ. ಪ್ರೋಟಾನ್ ಹೊರಗೆ ಬೀಳುವುದು ಈ ಕೊನೆಯ ಹೆಜ್ಜೆಯಲ್ಲಿ, ಎರಡು ಎಲೆಕ್ಟ್ರಾನ್‌ಗೆ ಸುಮಾರು ನಾಲ್ಕು. ಎಟಿಪಿ ಸಿಂಥೇಸ್‌ಗೆ ಒಂದು ಎಟಿಪಿಗೆ ಮೂರು ನಾಲ್ಕು ಪ್ರೋಟಾನ್ ಬೇಕು. ಅಂದರೆ ಒಂದು ಎನ್‌ಎಡಿಎಚ್‌ಗೆ ಸುಮಾರು ಒಂದು ಎಟಿಪಿ. ಪಠ್ಯಪುಸ್ತಕದ "ಒಂದು ಗ್ಲೂಕೋಸ್‌ಗೆ 38" ಎನ್ನುವ ಲೆಕ್ಕವನ್ನು ಬ್ಯಾಕ್ಟೀರಿಯಕ್ಕೆ ಹಚ್ಚಲೇಬಾರದು. ಇನ್ನೊಂದು ಮಾತು: ಈ ದಾರಿಯಲ್ಲಿ ಸೈಟೊಕ್ರೋಮ್ ಸಿ ಇಲ್ಲ, ಅದಕ್ಕೇ ಸ್ಟಾಫ್ ಆರಿಯಸ್ ಆಕ್ಸಿಡೇಸ್ ನೆಗೆಟಿವ್. ಆಕ್ಸಿಡೇಸ್ ನೆಗೆಟಿವ್ ಎಂದರೆ ಉಸಿರಾಡುವುದಿಲ್ಲ ಎಂದು ಅರ್ಥಮಾಡಿಕೊಳ್ಳುವವರು ಇನ್ನೂ ಇದ್ದಾರೆ.

ಹೊರಗೆ ಬಿದ್ದ ಪ್ರೋಟಾನ್‌ಗಳು ಎರಡು ರೂಪದಲ್ಲಿ ಬಲವಾಗಿ ನಿಲ್ಲುತ್ತವೆ. ಪೊರೆಯ ಒಳಗೆ ಋಣ, ಹೊರಗೆ ಧನ ಎನ್ನುವ ವಿದ್ಯುತ್ ಅಂತರ ಒಂದು. ಒಳಗೂ ಹೊರಗೂ ಇರುವ ಪಿಎಚ್ ಅಂತರ ಇನ್ನೊಂದು. ಪಿಎಚ್ ಒಂದು ಅಂಕ ವ್ಯತ್ಯಾಸವಾದರೆ ಸುಮಾರು 60 ಮಿಲಿವೋಲ್ಟ್. ಎರಡೂ ಸೇರಿದ್ದೇ ಪ್ರೋಟಾನ್ ಮೋಟಿವ್ ಫೋರ್ಸ್. ಎಟಿಪಿ ಸಿಂಥೇಸ್ ಎರಡನ್ನೂ ಬಳಸಿಕೊಳ್ಳುತ್ತದೆ. ಜೆಂಟಾಮೈಸಿನ್ ಹಾಗಲ್ಲ. ಅದು ಧನ ಆವೇಶದ ಅಣು, ಒಳಗೆ ಎಳೆಯಲ್ಪಡುವುದು ವಿದ್ಯುತ್ ಅಂತರದಿಂದ. ಸ್ಟಾಫ್ ಆರಿಯಸ್‌ನಲ್ಲಿ ಈ ಅಂತರ 75ರಿಂದ 90 ಮಿಲಿವೋಲ್ಟ್ ದಾಟದೆ ಔಷಧ ಒಳಹೋಗುವುದೇ ಶುರುವಾಗುವುದಿಲ್ಲ ಎಂದು 1982ರಲ್ಲೇ ಅಳೆದು ತೋರಿಸಿದ್ದಾರೆ.

ಇದನ್ನು ಕೀವಿಗೆ ಹೊಂದಿಸಿ ಲೆಕ್ಕ ಹಾಕಿ. ಒಟ್ಟು ಬಲ 180 ಮಿಲಿವೋಲ್ಟ್ ಎಂದಿಟ್ಟುಕೊಳ್ಳಿ. ಹೊರಗಿನ ಪಿಎಚ್ 7.5, ಒಳಗೂ 7.5 ಇದ್ದರೆ ಪೂರ್ತಿ 180 ವಿದ್ಯುತ್ ಅಂತರವೇ. ಹೊರಗೆ 5.5ಕ್ಕೆ ಇಳಿದು ಒಳಗೆ 7 ಉಳಿದರೆ ಪಿಎಚ್ ಪಾಲು 90, ವಿದ್ಯುತ್ ಪಾಲು ಬರೀ 90. ಬ್ಯಾಕ್ಟೀರಿಯ ಆರಾಮವಾಗಿದೆ, ಔಷಧ ಮಾತ್ರ ಹೊಸ್ತಿಲಲ್ಲಿ ನಿಂತಿದೆ. ಮ್ಯುಲರ್ ಹಿಂಟನ್ ಅಗರ್‌ನ ಪಿಎಚ್ 7.2ರಿಂದ 7.4ರೊಳಗೆ ಇರಲೇಬೇಕು ಎಂದು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಹೊಸ ಬ್ಯಾಚ್ ಅಗರ್ ಸುರಿದಾಗ ಪಿಎಚ್ ನೋಡದೆ ಬಿಟ್ಟು ಅದು ಇಳಿದಿದ್ದರೆ ಜೆಂಟಾಮೈಸಿನ್ ಸೇರಿದ ಅಮೈನೊಗ್ಲೈಕೋಸೈಡ್ ಗುಂಪಿನ ಝೋನ್‌ಗಳೆಲ್ಲ ಒಟ್ಟಿಗೆ ಕುಗ್ಗುತ್ತವೆ, ಆಮೇಲೆ ಎಲ್ಲರೂ ಡಿಸ್ಕ್ ಕಂಪನಿಯನ್ನು ಬೈಯುತ್ತಾರೆ.

ಈಗ ಎಸ್‌ಸಿವಿಗೆ ಬನ್ನಿ. ಹೀಮ್ ಇಲ್ಲದಿದ್ದರೆ ಆಕ್ಸಿಡೇಸ್ ಇಲ್ಲ. ಮೆನಾಕ್ವಿನೋನ್ ಇಲ್ಲದಿದ್ದರೆ ಆಕ್ಸಿಡೇಸ್‌ವರೆಗೆ ಎಲೆಕ್ಟ್ರಾನ್ ಒಯ್ಯುವವರಿಲ್ಲ. ಸುತ್ತ ಗಾಳಿ ತುಂಬಿದ್ದರೂ ಅದಕ್ಕೆ ಉಸಿರಾಟ ಸಾಧ್ಯವಿಲ್ಲ, ಹುದುಗುವಿಕೆಯೇ ಗತಿ. ಎನ್‌ಎಡಿಎಚ್ ತನ್ನ ಎಲೆಕ್ಟ್ರಾನನ್ನು ಪೈರುವೇಟ್ ಮೇಲೆ ಇಳಿಸಿ ಲ್ಯಾಕ್ಟೇಟ್ ಮಾಡುತ್ತದೆ. ಒಂದು ಗ್ಲೂಕೋಸ್‌ಗೆ ಸಿಗುವುದು ಗ್ಲೈಕಾಲಿಸಿಸ್‌ನ ಎರಡು ಎಟಿಪಿ. ಹುದುಗುವಿಕೆಯಲ್ಲಿ ಪ್ರೋಟಾನ್ ಬಲ ಇರುವುದೇ ಇಲ್ಲ ಎಂದು ತಿಳಿಯಬಾರದು. ಪೋಷಕಾಂಶ ಒಳಗೆ ತರಲು, ಒಳಗಿನ ಪಿಎಚ್ ಕಾಯಲು ಆ ಬಲ ಬೇಕೇ ಬೇಕು. ಆದ್ದರಿಂದ ಎಟಿಪಿ ಸಿಂಥೇಸ್ ಹಿಮ್ಮುಖವಾಗಿ ತಿರುಗುತ್ತದೆ: ಇರುವ ಎಟಿಪಿಯನ್ನೇ ಒಡೆದು ಪ್ರೋಟಾನ್ ಹೊರಗೆ ತಳ್ಳುತ್ತದೆ. ಗಳಿಸಿದ ಎರಡರಲ್ಲೇ ಈ ಖರ್ಚೂ ನಡೆಯಬೇಕು. ಕಾಲನಿ ಸಣ್ಣದಾಗಿರುವುದು ಅದಕ್ಕೆ, ಹಾಗೆ ನಿಲ್ಲಿಸಿಕೊಂಡ ವಿದ್ಯುತ್ ಅಂತರ ಜೆಂಟಾಮೈಸಿನ್ ಎಳೆಯುವಷ್ಟು ಏರದಿರುವುದೂ ಅದಕ್ಕೆ. ಎಂಟರೊಕಾಕೈ ಹುಟ್ಟಿನಿಂದಲೇ ಅಮೈನೊಗ್ಲೈಕೋಸೈಡ್‌ಗೆ ಸ್ವಲ್ಪ ಮಟ್ಟಿಗೆ ಬಗ್ಗದಿರುವುದಕ್ಕೂ ಔಷಧ ಹೀಗೆ ಒಳಹೋಗದಿರುವುದೇ ಕಾರಣ.

ಆಮ್ಲಜನಕವಿಲ್ಲದ ಉಸಿರಾಟ ಇವೆರಡರ ನಡುವಿನದು. ನೈಟ್ರೇಟ್ ಇದ್ದರೆ ಅದೇ ಮೆನಾಕ್ವಿನೋಲ್ ಎಲೆಕ್ಟ್ರಾನನ್ನು ನೈಟ್ರೇಟ್ ರಿಡಕ್ಟೇಸ್‌ಗೆ ಕೊಡುತ್ತದೆ, ನೈಟ್ರೇಟ್ ನೈಟ್ರೈಟ್ ಆಗುತ್ತದೆ. ಎನ್‌ಎಡಿಎಚ್‌ನಿಂದ ಆಮ್ಲಜನಕಕ್ಕೆ ಇಳಿಜಾರು ಸುಮಾರು 1.14 ವೋಲ್ಟ್, ನೈಟ್ರೇಟ್‌ಗೆ 0.74. ಪ್ರೋಟಾನ್ ಕೂಡ ಎರಡು ಎಲೆಕ್ಟ್ರಾನ್‌ಗೆ ಎರಡೇ ಹೊರಬೀಳುವುದು, ಆಮ್ಲಜನಕದ ಅರ್ಧ. ಇಲ್ಲಿ ಗಮನಿಸಬೇಕಾದದ್ದು: ಈ ರಿಡಕ್ಟೇಸ್‌ನ ಪೊರೆಯ ತುಂಡಿನಲ್ಲೂ ಹೀಮ್ ಇದೆ. ಹಾಗಾಗಿ ಎಸ್‌ಸಿವಿಗೆ ಈ ಬಾಗಿಲೂ ಮುಚ್ಚಿದೆ.

ಇಷ್ಟು ತಿಳಿದರೆ ಬೆಂಚಿನ ಮೇಲೇ ಪರೀಕ್ಷಿಸಬಹುದು. ಟ್ರಿಪ್ಟಿಕ್ ಸೋಯಾ ಅಗರ್‌ಗೆ 0.2% ಗ್ಲೂಕೋಸ್ ಹಾಕಿ ಮೂರು ಪ್ಲೇಟ್ ಮಾಡಿ, ಒಂದಕ್ಕೆ 0.1% ಪೊಟ್ಯಾಸಿಯಂ ನೈಟ್ರೇಟ್ ಕೂಡಿಸಿ. ಪ್ರತಿಯೊಂದರಲ್ಲೂ ಒಂದು ಕಡೆ ಮಾಮೂಲಿ ಸ್ಟಾಫ್ ಆರಿಯಸ್ ಕಂಟ್ರೋಲ್ ಎಟಿಸಿಸಿ 25923, ಇನ್ನೊಂದು ಕಡೆ ಸಣ್ಣ ಕಾಲನಿಯ ಸಬ್‌ಕಲ್ಚರ್. ಸಾದಾ ಪ್ಲೇಟ್ ಒಂದು ಗಾಳಿಯಲ್ಲಿ. ಇನ್ನೊಂದು ಸಾದಾ ಪ್ಲೇಟೂ ನೈಟ್ರೇಟ್ ಪ್ಲೇಟೂ ಅನಏರೋಬಿಕ್ ಜಾರ್‌ನಲ್ಲಿ. ಕಂಟ್ರೋಲ್ ಗಾಳಿಯಲ್ಲಿ ದೊಡ್ಡದು, ಜಾರ್‌ನ ನೈಟ್ರೇಟ್ ಮೇಲೆ ಅದಕ್ಕಿಂತ ಸಣ್ಣದು, ಜಾರ್‌ನ ಸಾದಾ ಪ್ಲೇಟ್ ಮೇಲೆ ಎಲ್ಲಕ್ಕಿಂತ ಸಣ್ಣದು. ಎಸ್‌ಸಿವಿಗೆ ಮೂರೂ ಒಂದೇ. ಸಾದಾ ಜಾರ್ ಪ್ಲೇಟಿನಲ್ಲಿ ಎರಡು ಗೆರೆಗಳೂ ಹೆಚ್ಚುಕಡಿಮೆ ಸಮನಾಗಿ ಕಂಡರೆ ನಿಮ್ಮ ಅನುಮಾನ ಸರಿ. ಜಾರ್‌ನಲ್ಲಿ ಆಮ್ಲಜನಕ ಉಳಿದಿಲ್ಲವೆಂದು ನೋಡಲು ಸೂಡೊಮೊನಾಸ್ ಏರುಜಿನೋಸ ಇಡುವ ರೂಢಿ ಇದ್ದರೆ ಅದನ್ನು ಸಾದಾ ಪ್ಲೇಟಿನಲ್ಲೇ ಇಡಿ. ನೈಟ್ರೇಟ್ ಪ್ಲೇಟಿನಲ್ಲಿ ಅದು ನೈಟ್ರೇಟನ್ನೇ ಉಸಿರಾಡಿ ಬೆಳೆಯುತ್ತದೆ, ಜಾರ್ ಸೋರಿದೆ ಎಂದು ನೀವು ಗ್ಯಾಸ್‌ಪ್ಯಾಕ್ ದಂಡ ಮಾಡುತ್ತೀರಿ.

ಯಾವ ಕೊಂಡಿ ತಪ್ಪಿದೆ ಎಂದು ತಿಳಿಯಲು ಡಿಸ್ಕ್ ಸಾಕು. ಸಣ್ಣ ಕಾಲನಿಯನ್ನು ರಕ್ತವಿಲ್ಲದ ಅಗರ್ ಮೇಲೆ ಹರಡಿ, ಹೀಮೊಫಿಲಸ್‌ಗೆ ಇಟ್ಟುಕೊಂಡಿರುವ ಎಕ್ಸ್ ಫ್ಯಾಕ್ಟರ್ ಡಿಸ್ಕ್, ಅಂದರೆ ಹೀಮ್ ಡಿಸ್ಕ್ ಒಂದು, ಮೆನಾಕ್ವಿನೋನ್ ಕಟ್ಟಲು ಬೇಕಾದ ಮೆನಡಿಯೋನ್‌ನ ಡಿಸ್ಕ್ ಒಂದು ಇಡಿ. ಮೆನಡಿಯೋನ್ ನೀರಿನಲ್ಲಿ ಕರಗುವುದಿಲ್ಲ. ಆಲ್ಕೋಹಾಲ್‌ನಲ್ಲಿ ಕರಗಿಸಿ, ಖಾಲಿ ಡಿಸ್ಕ್‌ಗೆ ಹಾಕಿ, ಕತ್ತಲಲ್ಲಿ ಒಣಗಿಸಬೇಕು. ಬರೀ ಆಲ್ಕೋಹಾಲ್ ಹಾಕಿ ಒಣಗಿಸಿದ ಡಿಸ್ಕ್ ಪಕ್ಕದಲ್ಲಿ ಇರಲಿ. ಯಾವ ಡಿಸ್ಕ್ ಸುತ್ತ ಕಾಲನಿಗಳು ದಪ್ಪವಾಗುತ್ತವೋ ಆ ವಸ್ತುವೇ ಕೊರತೆ. ಕ್ಯಾಟಲೇಸ್ ಕೂಡ ಸುಳಿವು ಕೊಡುತ್ತದೆ: ಅದು ಹೀಮ್ ಕಿಣ್ವ, ಆದ್ದರಿಂದ ಹೀಮ್ ಕೊರತೆಯವು ನೆಗೆಟಿವ್ ಅಥವಾ ಮಂದ, ಮೆನಡಿಯೋನ್ ಕೊರತೆಯವು ಪಾಸಿಟಿವ್. ಸ್ಟಾಫ್ ಎಂದು ನಂಬಿದ್ದು ಕ್ಯಾಟಲೇಸ್ ನೆಗೆಟಿವ್ ಬಂದ ತಕ್ಷಣ ಸ್ಟ್ರೆಪ್ ಕಡೆ ಓಡಬೇಡಿ. ಎರಡು ಡಿಸ್ಕ್‌ಗೂ ಜಗ್ಗದಿದ್ದರೆ ಥೈಮಿಡಿನ್ ನೋಡಿ. ಕೋಟ್ರೈಮಾಕ್ಸಜೋಲ್ ದೀರ್ಘಕಾಲ ತೆಗೆದುಕೊಂಡವರಲ್ಲಿ ಆ ಬಗೆ ಬರುತ್ತದೆ, ಅದರ ಕಥೆ ಬೇರೆ.

ಟ್ಯೂಬ್ ಕೊಯಾಗುಲೇಸ್ ಹತ್ತಿರ ತಾಳ್ಮೆ ಬೇಕು. ನಾಲ್ಕು ಗಂಟೆಗೆ ಪ್ಲಾಸ್ಮಾ ನೀರಿನಂತೆ ಅಲ್ಲಾಡುತ್ತಿರುತ್ತದೆ, ಕೈ ಆಗಲೇ 'ಕಾನ್ಸ್', ಅಂದರೆ ಕೊಯಾಗುಲೇಸ್ ನೆಗೆಟಿವ್ ಸ್ಟಾಫ್, ಎಂದು ಬರೆಯಲು ಹೊರಟಿರುತ್ತದೆ. ಎಸ್‌ಸಿವಿಯಲ್ಲಿ ಗಡ್ಡೆ ಮರುದಿನ ಕಟ್ಟಬಹುದು. ನಾಲ್ಕು ಗಂಟೆಯ ನಂತರ ಟ್ಯೂಬನ್ನು ರೂಮ್ ಟೆಂಪರೇಚರ್‌ಗೆ ತಂದಿಡಿ. ಇನ್‌ಕ್ಯುಬೇಟರ್‌ನಲ್ಲೇ ಬಿಟ್ಟರೆ ಕಟ್ಟಿದ ಗಡ್ಡೆ ಸ್ಟಾಫೈಲೊಕೈನೇಸ್‌ನಿಂದ ಕರಗಿಹೋಗಬಹುದು. ಟ್ಯೂಬನ್ನು ಕುಲುಕದೆ, ಮೆಲ್ಲಗೆ ವಾಲಿಸಿ ನೋಡಿ.

ಸೆನ್ಸಿಟಿವಿಟಿಯಲ್ಲಿ ಇನ್ನೊಂದು ಗುಂಡಿ ಇದೆ. ನಿಧಾನವಾಗಿ ಬೆಳೆಯುವ ತಳಿಗೆ ಡಿಸ್ಕ್ ಹಾಕಿದರೆ ಲಾನ್ ಕಟ್ಟುವ ಮೊದಲೇ ಔಷಧ ಹರಡಿ, ಝೋನ್ ಸುಳ್ಳಾಗಿ ದೊಡ್ಡದಾಗುತ್ತದೆ. ಪಟ್ಟಿಯ ಮಿಲಿಮೀಟರ್‌ಗಳು ಮಾಮೂಲಿ ವೇಗದಲ್ಲಿ ಬೆಳೆಯುವ ಸ್ಟಾಫ್‌ಗೆ ಮಾಡಿದವು, ಇದಕ್ಕೆ ಹಚ್ಚುವಂತಿಲ್ಲ. ಮೆಥಿಸಿಲಿನ್‌ಗೆ ಬಗ್ಗುತ್ತದೆಯೇ ಎಂದು ತಿಳಿಯಲು ಸೆಫಾಕ್ಸಿಟಿನ್ ಝೋನ್ ನಂಬದೆ ಮೆಕ್-ಎ ಪಿಸಿಆರ್ ಅಥವಾ ಪಿಬಿಪಿ2ಎ ಲ್ಯಾಟೆಕ್ಸ್ ಮಾಡಿ. ಮಷೀನಿಗೆ ಕೊಟ್ಟರೆ ಬೆಳವಣಿಗೆ ಸಾಲದೆಂದು ಕಾರ್ಡ್ ನಿಲ್ಲಬಹುದು, ಇಲ್ಲವೇ ಬೇರಾವುದೋ ಸ್ಟಾಫ್‌ನ ಹೆಸರು ಬರಬಹುದು. ಸಬ್‌ಕಲ್ಚರ್ ಮಾಡುತ್ತಾ ಹೋದರೆ ಕೆಲವು ತಳಿ ಮರಳಿ ದೊಡ್ಡದಾಗುತ್ತವೆ, ಜೆಂಟಾಮೈಸಿನ್‌ಗೆ ಮತ್ತೆ ಬಗ್ಗುತ್ತವೆ. ಅದಕ್ಕೇ ಮೊದಲ ಪ್ಲೇಟಿನ ಸಣ್ಣ ಕಾಲನಿಯನ್ನು ಆ ದಿನವೇ ಗ್ಲಿಸರಾಲ್‌ನಲ್ಲಿ ಹಾಕಿ ಫ್ರೀಜರ್‌ಗೆ ಸೇರಿಸಿಡಿ.

ರಿಪೋರ್ಟಿನಲ್ಲಿ ಎರಡೂ ಕಾಲನಿ ಬೇರೆ ಬೇರೆ ಬರಬೇಕು: ಸ್ಟಾಫ್ ಆರಿಯಸ್, ಮಾಮೂಲಿ ರೂಪ; ಸ್ಟಾಫ್ ಆರಿಯಸ್, ಎಸ್‌ಸಿವಿ, ಹೀಮ್ ಅಥವಾ ಮೆನಡಿಯೋನ್ ಅವಲಂಬಿ; ಎರಡನೆಯದಕ್ಕೆ ಡಿಸ್ಕ್ ಫಲಿತಾಂಶ ಅನ್ವಯಿಸುವುದಿಲ್ಲ, ಅಮೈನೊಗ್ಲೈಕೋಸೈಡ್ ನೆಚ್ಚಿಕೊಳ್ಳಬೇಡಿ. ನಮ್ಮ ಸಾಫ್ಟ್‌ವೇರ್‌ನ ಡ್ರಾಪ್‌ಡೌನ್‌ನಲ್ಲಿ ಇದಕ್ಕೆ ಜಾಗವೇ ಇಲ್ಲ, ಕಾಮೆಂಟ್ ಕಾಲಂನಲ್ಲಿ ಟೈಪ್ ಮಾಡಿ ವಾರ್ಡಿಗೆ ಫೋನ್ ಮಾಡಿ ಹೇಳಬೇಕು. 48 ಗಂಟೆಗೆ ರಿಪೋರ್ಟ್ ತಾನಾಗಿ ಫೈನಲ್ ಆಗುವ ಸೆಟಿಂಗ್ ಬದಲಿಸಿ ಎಂದು ಕೇಳುತ್ತಲೇ ಇದ್ದೇವೆ. ಅದು ಬದಲಾಗುವವರೆಗೆ ಮೂಳೆ, ಇಂಪ್ಲಾಂಟ್, ಜೆಂಟಾಮೈಸಿನ್ ಮಣಿ ಎಂದು ಬರೆದು ಬಂದ ಪ್ರತಿ ಸ್ಯಾಂಪಲ್‌ನ ಪ್ಲೇಟಿನ ಮೇಲೆ ಮಾರ್ಕರ್‌ನಿಂದ '72' ಎಂದು ಬರೆದು ಇನ್‌ಕ್ಯುಬೇಟರ್‌ನ ಹಿಂದಿನ ಶೆಲ್ಫ್‌ನಲ್ಲಿ ಇಡುತ್ತಿದ್ದೇವೆ.