ಹದಿನಾರು ಪುಟದೊಳಗೆ: ದುರಸ್ತಿ ಕೈಪಿಡಿಯ ಕರಡು ಕೊನೆಗೂ ಕೂತಿತು

ಹಳೆಯ ಪುಸ್ತಕಗಳ ದುರಸ್ತಿ ಕೈಪಿಡಿಯ ಮಡಿಕೆ, ಪುಟಜೋಡಣೆ, ಹೊಲಿಗೆರಂಧ್ರಗಳ ಅಳತೆ ಎಲ್ಲವೂ ಮುಗಿದಿದ್ದವು. ಉಳಿದಿದ್ದದ್ದು ಬರಹದ ಉದ್ದ ಮಾತ್ರ. ನಾಲ್ಕು ಹಾಳೆಗಳನ್ನು ಮಡಚಿ ನಡುವೆ ಹೊಲಿದರೆ 16 ಪುಟ, ಅದರ ಮೇಲೆ ಒಂದೇ ಒಂದು ಸಾಲು ಹೆಚ್ಚಾದರೂ 20 ಪುಟ. ಅಕ್ಷರ ಕಿರಿದಾಗಿಸಲು ನನಗೆ ಮನಸ್ಸಿರಲಿಲ್ಲ, ಏಕೆಂದರೆ ಈ ಕೈಪಿಡಿಯನ್ನು ಓದುವವರು ಅದನ್ನು ಮೇಜಿನ ಮೇಲೆ ದೂರ ಇಟ್ಟು, ಅಂಟು ಮೆತ್ತಿದ ಕೈಯಲ್ಲಿ ಕೆಲಸ ಮಾಡುತ್ತಿರುತ್ತಾರೆ.

ತೇಪೆಯ ಪುಟದಿಂದ ಆರಂಭಿಸಿದೆ. ಕರಡಿನಲ್ಲಿ ಹೀಗಿತ್ತು: “ಹರಿದ ಭಾಗದ ಎರಡೂ ಅಂಚುಗಳನ್ನು ಒಂದಕ್ಕೊಂದು ಸೇರಿಸುವ ಕಾರ್ಯವನ್ನು ಮಾಡಲಾಗುತ್ತದೆ. ನಂತರ ಗೋಧಿಯ ಹಿಟ್ಟಿನಿಂದ ತೆಗೆಯಲ್ಪಟ್ಟ ಪಿಷ್ಟದಿಂದ ತಯಾರಿಸಲ್ಪಟ್ಟ ಅಂಟುವ ಗುಣವುಳ್ಳ ದ್ರವ್ಯವನ್ನು ತೆಳುವಾದ ಕಾಗದದ ತುಂಡಿಗೆ ಹಚ್ಚುವ ಪ್ರಕ್ರಿಯೆಯನ್ನು ಕೈಗೊಳ್ಳಲಾಗುತ್ತದೆ. ಅದಾದ ಮೇಲೆ ತೇವಾಂಶವನ್ನು ಹೀರಿಕೊಳ್ಳುವ ಕಾಗದಗಳ ನಡುವೆ ಹಾಳೆಯನ್ನು ಇಟ್ಟು ಅದರ ಮೇಲೆ ಭಾರವಾದ ವಸ್ತುವನ್ನು ಇರಿಸಲಾಗುತ್ತದೆ.” ಒಟ್ಟು 36 ಪದಗಳು.

ಇದರಲ್ಲಿ ಕರ್ಮಣಿ ಪ್ರಯೋಗವೊಂದೇ ಉದ್ದಕ್ಕೆ ಕಾರಣವಲ್ಲ. ‘ಸೇರಿಸಲಾಗುತ್ತದೆ’ ಎಂದಷ್ಟೇ ಬರೆದಿದ್ದರೆ ‘ಸೇರಿಸಿ’ ಎಂಬುದಕ್ಕಿಂತ ಕೆಲವು ಅಕ್ಷರ ಹೆಚ್ಚಾಗುತ್ತಿತ್ತು, ಅಷ್ಟೆ. ನಿಜವಾದ ಭಾರ ‘ಕಾರ್ಯ’, ‘ಪ್ರಕ್ರಿಯೆ’ ಎಂಬ ಟೊಳ್ಳು ನಾಮಪದಗಳದ್ದು. ಅವು ಕ್ರಿಯಾಪದದ ಕೆಲಸವನ್ನು ಕಿತ್ತುಕೊಂಡು, ‘ಮಾಡು’, ‘ಕೈಗೊಳ್ಳು’ ಎಂಬ ಇನ್ನೊಂದು ಕ್ರಿಯಾಪದವನ್ನು ಜೊತೆಗೆ ಕರೆತರುತ್ತವೆ. ಇನ್ನು ‘ಅಂಟುವ ಗುಣವುಳ್ಳ ದ್ರವ್ಯ’ಕ್ಕೆ ‘ಅಂಟು’ ಎಂಬ ಹೆಸರೂ, ‘ತೆಳುವಾದ ಕಾಗದದ ತುಂಡಿಗೆ’ ‘ತೇಪೆ’ ಎಂಬ ಹೆಸರೂ ಮೊದಲೇ ಇವೆ. ತಿದ್ದಿದ ರೂಪ ಇದು: “ಹರಿದ ಅಂಚುಗಳನ್ನು ಕೂಡಿಸಿ. ತೇಪೆಗೆ ಗೋಧಿಪಿಷ್ಟದ ಅಂಟು ಹಚ್ಚಿ ಅವುಗಳ ಮೇಲೆ ಕೂರಿಸಿ. ಬ್ಲಾಟಿಂಗ್ ಪೇಪರುಗಳ ನಡುವೆ ಹಾಳೆಯನ್ನಿಟ್ಟು ಮೇಲೆ ಭಾರ ಹೇರಿ.” 17 ಪದಗಳಾದವು. ತೇಪೆಯನ್ನು ಎಲ್ಲಿ ಕೂರಿಸಬೇಕೆಂದು ಕರಡು ಹೇಳಿಯೇ ಇರಲಿಲ್ಲ. ಮಾಡುವವನಿಲ್ಲದ ವಾಕ್ಯಗಳ ನಡುವೆ ಆ ಹೆಜ್ಜೆ ಕಾಣದೆ ಹೋಗಿತ್ತು. ಅದನ್ನು ಸೇರಿಸಿದ ಮೇಲೂ ಉದ್ದ ಅರ್ಧಕ್ಕಿಂತ ಕಡಿಮೆಯಾಯಿತು.

ಪದಗಳ ಎಣಿಕೆಯನ್ನು ಮಾತ್ರ ನಂಬುವಂತಿಲ್ಲ. ಕನ್ನಡದಲ್ಲಿ ಸಂಧಿ, ಸಮಾಸಗಳಿಂದ ಮೂರು ಪದಗಳನ್ನು ಒಂದಾಗಿಸಿದರೆ ಎಣಿಕೆ ಇಳಿಯುತ್ತದೆ, ಸಾಲು ಅಷ್ಟೇ ಇರುತ್ತದೆ, ಓದು ಇನ್ನಷ್ಟು ಕಠಿಣವಾಗುತ್ತದೆ. ಆದ್ದರಿಂದ ಈಗ ಪುಟದ ಸಾಲುಗಳನ್ನೇ ಎಣಿಸುತ್ತಿದ್ದೇನೆ.

ಹಟ ಹಿಡಿದದ್ದು ‘ಪುಸ್ತಕದ ಸ್ಥಿತಿ’ ಎಂಬ ಪುಟ. ಬಿಚ್ಚುವ ಮೊದಲು ಕಂಡದ್ದನ್ನು ದಾಖಲಿಸುವ ಮಾದರಿ ಅಲ್ಲಿದೆ: “ಬೆನ್ನನ್ನು ಹಿಂದೊಮ್ಮೆ ಮರುಹೊಲಿಗೆ ಮಾಡಲಾಗಿದೆ. ಮೂರು ಹಾಳೆಗಳಿಗೆ ಟೇಪ್ ಅಂಟಿಸಲಾಗಿದೆ. ಒಂದು ಹಾಳೆಯನ್ನು ಕತ್ತರಿಸಿ ತೆಗೆಯಲಾಗಿದೆ.” ಇದನ್ನು ಕರ್ತರಿಗೆ ತಿರುಗಿಸಿದಾಗ ಪ್ರತಿ ವಾಕ್ಯಕ್ಕೂ ‘ಯಾರೋ’ ಬಂದು ಕೂತಿತು, ಉದ್ದವೂ ಬೆಳೆಯಿತು. ‘ಹಿಂದಿನ ಮಾಲೀಕರು’ ಎಂದು ಬರೆದರೆ ತಿಳಿಯದ ಸಂಗತಿಯನ್ನು ತಿಳಿದಂತೆ ಹೇಳಿದ ಹಾಗಾಗುತ್ತಿತ್ತು. ಟೇಪ್ ಅಂಟಿಸಿದವರು ಗ್ರಂಥಪಾಲಕರೂ ಆಗಿರಬಹುದು. ಅಕರ್ಮಕ ಕ್ರಿಯಾಪದ ಎಲ್ಲಕ್ಕಿಂತ ಚಿಕ್ಕದು: “ಒಂದು ಹಾಳೆ ಕಳಚಿದೆ.” ಆದರೆ ಅದು ಬೇರೆಯೇ ಸಂಗತಿ. ದಾರ ಸವೆದು ಕಳಚಿದ ಹಾಳೆ ಪುಸ್ತಕದಲ್ಲೇ ಬೇರೆಡೆ ಸೇರಿಕೊಂಡಿರಬಹುದು, ಹುಡುಕಬೇಕು. ಕತ್ತರಿಸಿ ತೆಗೆದಿದ್ದರೆ ಬೆನ್ನಿನ ಬಳಿ ಉಳಿದಿರುವ ನೇರ ಅಂಚಿನ ಪಟ್ಟಿ ಅದನ್ನು ಹೇಳುತ್ತದೆ, ಮತ್ತು ಆ ಪಟ್ಟಿಯನ್ನು ಹಾಗೆಯೇ ಕಾಪಾಡಬೇಕು. ‘ತೆಗೆಯಲಾಗಿದೆ’ ಎಂಬ ರೂಪ ಕೈಯಾಡಿಸಿದವರು ಯಾರೆಂದು ಹೇಳದೆ, ಒಂದು ಕೈ ಆಡಿದೆ ಎಂಬುದನ್ನಷ್ಟೇ ಖಚಿತವಾಗಿ ಹೇಳುತ್ತದೆ. ಈ ಪುಟದ ಕರ್ಮಣಿ ವಾಕ್ಯಗಳನ್ನು ಉಳಿಸಿಕೊಂಡೆ. ‘ಮರುಹೊಲಿಗೆ ಮಾಡಲಾಗಿದೆ’ ಮಾತ್ರ ‘ಮರುಹೊಲಿಯಲಾಗಿದೆ’ ಆಯಿತು.

ಇಲ್ಲಿಂದ ಕೈಪಿಡಿಯ ಉಳಿದ ಭಾಗಕ್ಕೆ ಒಂದು ಒರೆಗಲ್ಲು ದೊರೆಯಿತು. ಮಾಡಿದವರು ‘ಇಂದ’ ಪ್ರತ್ಯಯದೊಡನೆ ವಾಕ್ಯದಲ್ಲೇ ಇದ್ದರೆ, ‘ಬೈಂಡರಿನಿಂದ ಹೊಲಿಯಲ್ಪಟ್ಟ ಬೆನ್ನು’ ಎಂಬುದು ‘ಬೈಂಡರ್ ಹೊಲಿದ ಬೆನ್ನು’ ಆಗಲೇಬೇಕು. ಕರ್ತರಿಗಾಗಿ ‘ಯಾರೋ’ ಎಂಬುದನ್ನು ಹೊರಗಿನಿಂದ ತರಬೇಕಾದರೆ ಕರ್ಮಣಿಯೇ ಇರಲಿ.

ಮಾಡಿದವರು ತಿಳಿದಿದ್ದೂ ಅವರನ್ನು ಮರೆಸುವ ಕರ್ಮಣಿಯ ಬಗ್ಗೆ ನನಗೆ ಸಿಟ್ಟಿದೆ. ಕಾಗದ ಪೂರೈಸುವವರು ಕಳುಹಿಸಿದ ಕಟ್ಟಿನ ಚೀಟಿಯಲ್ಲಿ “ಎಳೆಯ ದಿಕ್ಕನ್ನು ಪರಿಶೀಲಿಸಲಾಗಿದೆ” ಎಂದಿತ್ತು, ಹಾಳೆಗಳ ನಾರಿನ ಎಳೆ ಮಡಿಕೆಗೆ ಅಡ್ಡವಾಗಿತ್ತು, ಮಡಚಿದಲ್ಲೆಲ್ಲ ಬಿರುಕು. ಯಾರು ಪರಿಶೀಲಿಸಿದರೆಂದು ಕೇಳಿದರೆ ಉತ್ತರವಿಲ್ಲ.

ಮುಂದಿನದು ಹೊಲಿಗೆಗಳ ಕೈಪಿಡಿ. ಅಲ್ಲಿ ‘ಸೂಜಿಯನ್ನು ಹೊರಗೆಳೆಯಿರಿ, ದಾರವನ್ನು ಎಡಕ್ಕೆ ಒಯ್ಯಿರಿ’ ಎಂಬ ಆಜ್ಞೆಗಳಿಗಿಂತ, ದಾರವನ್ನೇ ಕರ್ತೃವಾಗಿಸಿ ‘ದಾರ ಎರಡನೆಯ ರಂಧ್ರದಿಂದ ಹೊರಬಂದು ಹುರಿಯನ್ನು ಸುತ್ತಿ ಅದೇ ರಂಧ್ರಕ್ಕೆ ಮರಳುತ್ತದೆ’ ಎಂದು ಬರೆದರೆ ಚಿತ್ರವೂ ಸಾಲೂ ಎರಡೂ ಉಳಿಯುವಂತೆ ಕಾಣುತ್ತಿದೆ. ಮೊದಲು ಒಂದು ಹೊಲಿಗೆಗೆ ಎರಡೂ ರೂಪ ಬರೆದು, ಸೂಜಿ ಹಿಡಿದ ಗೆಳೆಯರಿಗೆ ಓದಿ ನೋಡುತ್ತೇನೆ.