ಇಬ್ಬರ ಬಾಯಲ್ಲೂ ಒಂದೇ ಮಾತು

ಮಕ್ಕಳಾಗದ ದಂಪತಿಯಲ್ಲಿ ಇಬ್ಬರನ್ನೂ ನೆಂಟರು ಒಂದೇ ರೀತಿಯಲ್ಲಿ ಕೇಳುವುದಿಲ್ಲ. ಗೌರಿಬಿದನೂರಿನ ಹತ್ತಿರವಿರುವ ನನ್ನ ಗಂಡನ ಊರಿಗೆ ಹೋದಾಗಲೆಲ್ಲ ಅವರಿಗೆ ಚಪ್ಪರದಡಿಯಲ್ಲಿ, ಎಲ್ಲರೂ ನಗುನಗುತ್ತಿರುವಾಗ, "ಏನಪ್ಪಾ, ವಿಶೇಷ ಯಾವಾಗ?" ಎಂಬ ಪ್ರಶ್ನೆ ಬರುತ್ತಿತ್ತು. ನನ್ನನ್ನು ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುತ್ತ ಕುಳಿತಾಗ, ತಿಂಗಳ ಮುಟ್ಟಿನಿಂದ ಹಿಡಿದು ಊಟದವರೆಗೆ ವಿವರವಾಗಿ ವಿಚಾರಿಸುತ್ತಿದ್ದರು. ಅವರು "ನೋಡೋಣ, ಮುಂದಿನ ವರ್ಷ" ಎಂದರೆ, ನಾನು "ದೇವರು ಕೊಟ್ಟಾಗ" ಎನ್ನುತ್ತಿದ್ದೆ. ಸಂಜೆಯ ಹೊತ್ತಿಗೆ ಎರಡೂ ಉತ್ತರಗಳನ್ನು ಜೋಡಿಸಿ, ಗಂಡನಿಗೆ ಆಸೆಯಿದೆ, ಹೆಂಡತಿಗೆ ಮನಸ್ಸಿಲ್ಲ ಎಂಬ ತೀರ್ಮಾನ ಊರಲ್ಲಿ ಸಿದ್ಧವಾಗಿರುತ್ತಿತ್ತು.

ನಿಜ ಸಂಗತಿ ಬೇರೆಯೇ ಇತ್ತು. ಗರ್ಭನಿರೋಧಕವಿಲ್ಲದೆ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ವೈದ್ಯರು ಹೇಳುತ್ತಾರೆ. ನಾವು ಮಾಡಿಸಿಕೊಂಡೆವು. ಅವರ ವೀರ್ಯಾಣುಗಳ ಸಂಖ್ಯೆ ಕಡಿಮೆಯಿತ್ತು. ಒಂದೇ ವರದಿಯನ್ನು ನಂಬುವಂತಿಲ್ಲವೆಂದು ಇನ್ನೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಬಂತು. ಹೊಸ ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ಔಷಧಿಯಿಂದ ಏನಾದರೂ ಬದಲಾಗಿದೆಯೇ ಎಂಬುದು ಮೂರು ತಿಂಗಳ ನಂತರವೇ ತಿಳಿಯುತ್ತದೆ, ಆಗಲೂ ಫಲ ಖಚಿತವಲ್ಲ ಎಂದು ವೈದ್ಯರು ಬಿಡಿಸಿ ಹೇಳಿದರು.

ಅಂದು ರಾತ್ರಿ ನಾವು ಕೂತು ಮೂರು ಮಾತು ಗಟ್ಟಿ ಮಾಡಿಕೊಂಡೆವು. ಅವರ ಕಡೆಯವರಿಗೆ ಅವರು, ನನ್ನ ಕಡೆಯವರಿಗೆ ನಾನು ಉತ್ತರ ಹೇಳಬೇಕು. ಯಾರಿಗೂ ಗಡುವು ಕೊಡಬಾರದು, ಏಕೆಂದರೆ "ಮುಂದಿನ ವರ್ಷ" ಎಂಬ ಮಾತನ್ನು ನೆಂಟರು ಸಾಲದ ಕಂತಿನಂತೆ ನೆನಪಿಟ್ಟುಕೊಳ್ಳುತ್ತಾರೆ. ವರದಿ ಯಾರದೋ ಅವರೇ ಹೇಳದ ಹೊರತು ಮತ್ತೊಬ್ಬರು ಬಾಯಿ ಬಿಡಬಾರದು. ಈ ಕೊನೆಯದು ನನಗೆ ಕಷ್ಟವಾಗಿತ್ತು. ನನ್ನ ಮೇಲೆ ಮಾತು ಬಂದಾಗ "ತೊಂದರೆ ನನ್ನದಲ್ಲ" ಎಂದುಬಿಡುವುದು ಎಷ್ಟೋ ಸುಲಭ. ಆದರೆ ಆ ಒಂದು ಮಾತಿನಿಂದ ಅಪವಾದ ನನ್ನ ತಲೆಯಿಂದ ಅವರ ತಲೆಗೆ ಹೋಗುತ್ತಿತ್ತೇ ವಿನಾ ಪ್ರಶ್ನೆ ನಿಲ್ಲುತ್ತಿರಲಿಲ್ಲ.

ಈ ಒಪ್ಪಂದ ಪರೀಕ್ಷೆಗೆ ಒಳಗಾದದ್ದು ನನ್ನ ನಾದಿನಿಯ ಸೀಮಂತದ ದಿನ. ಹಸಿರು ಬಳೆ ತೊಡಿಸಿ, ಮಡಿಲಕ್ಕಿ ತುಂಬುವ ಹೊತ್ತಿಗೆ ನಾನೂ ತಟ್ಟೆ ಹಿಡಿದು ಮುಂದೆ ಬಂದೆ. ಅತ್ತೆಯವರ ಅಕ್ಕ, "ಮಕ್ಕಳಾದ ಮುತ್ತೈದೆಯರು ಮೊದಲು ತುಂಬಲಿ, ನೀನು ಆಮೇಲೆ ಬಾಮ್ಮ" ಎಂದರು. ಅವರ ದನಿಯಲ್ಲಿ ಕೆಡುಕಿರಲಿಲ್ಲ, ತಾವು ಕಂಡ ಪದ್ಧತಿಯನ್ನು ಹೇಳಿದರು, ಅಷ್ಟೆ. ಆದರೂ ಅಷ್ಟು ಹೆಂಗಸರ ಮುಂದೆ ನನ್ನ ಕಾಲು ಅಲ್ಲೇ ನಿಂತಿತು. ಅವರು ಅಲ್ಲಿಗೇ ಬಿಡದೆ, "ವಿದುರಾಶ್ವತ್ಥದಲ್ಲಿ ನಾಗಪ್ರತಿಷ್ಠೆ ಮಾಡಿಸಿ ಅಂತ ಎಷ್ಟು ಸಲ ಹೇಳಿದೀನಿ, ಇವಳನ್ನ ಬೇರೆ ಡಾಕ್ಟರಿಗಾದ್ರೂ ತೋರಿಸಬಾರದಾ?" ಎಂದರು.

ನಾನು ನಮ್ಮ ಒಪ್ಪಂದದಂತೆ, "ಅವರನ್ನೂ ಕರೀರಿ ದೊಡ್ಡತ್ತೆ, ಈ ವಿಷಯ ನಾವು ಇಬ್ಬರೂ ಸೇರಿ ಹೇಳೋದು" ಎಂದೆ. ಬಾಗಿಲ ಬಳಿ ಬಾಳೆ ಎಲೆ ಎಣಿಸುತ್ತಿದ್ದ ನನ್ನ ಗಂಡ ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತರು. "ದೊಡ್ಡಮ್ಮ, ತೋರಿಸಿಕೊಳ್ತಿರೋದು ಇವಳೊಬ್ಬಳಲ್ಲ, ಇಬ್ಬರೂ. ಹೇಳೋ ಅಂಥದ್ದು ಇದ್ದರೆ ನಾವೇ ಹೇಳ್ತೀವಿ. ಅಲ್ಲೀವರೆಗೆ ಇದನ್ನ ಇವಳ ಹತ್ತಿರ ಕೇಳಬೇಡಿ, ನನ್ನ ಹತ್ತಿರ ಕೇಳಿ" ಎಂದರು. ದನಿ ಏರಿಸಲಿಲ್ಲ, ಕಾರಣವನ್ನೂ ವಿವರಿಸಲಿಲ್ಲ. ಕಾರಣ ಕೊಟ್ಟರೆ ಅದರ ಮೇಲೆ ಸಲಹೆಗಳು ಬೆಳೆಯುತ್ತವೆ ಎಂಬುದು ನಮಗೆ ಆಗಲೇ ತಿಳಿದಿತ್ತು. ಅಷ್ಟರಲ್ಲಿ ನಾದಿನಿಯೇ ಸೆರಗು ಚಾಚಿ, "ಅತ್ತಿಗೆ, ನೀವು ತುಂಬಿ" ಎಂದಳು. ನಾನು ತುಂಬಿದೆ.

ನಾಗಪ್ರತಿಷ್ಠೆಯ ವಿಷಯ ಮಾತ್ರ ಅಷ್ಟಕ್ಕೆ ಮುಗಿಯಲಿಲ್ಲ. ವಿದುರಾಶ್ವತ್ಥದಲ್ಲಿ ಸಂತಾನಕ್ಕಾಗಿ ಹರಸಿಕೊಂಡವರು ನಿಲ್ಲಿಸಿದ ನಾಗರಕಲ್ಲುಗಳು ಸಾಲುಸಾಲಾಗಿವೆ. ನನ್ನ ಅತ್ತೆಗೆ ಆ ನಂಬಿಕೆ ನಿಜವಾದದ್ದು, ಅವರ ಕಣ್ಣೀರೂ ನಿಜವಾದದ್ದು. ದೊಡ್ಡತ್ತೆಗೆ ಹೇಳಿದ ಮಾತನ್ನೇ ಅವರಿಗೂ ಹೇಳಿ ದೂರ ಇಡುವುದು ಸರಿಯೆನಿಸಲಿಲ್ಲ. ಊರಿಂದ ಹೊರಡುವ ಮುನ್ನ ನನ್ನ ಗಂಡ ತಾಯಿಯೊಬ್ಬರನ್ನೇ ಕೂರಿಸಿಕೊಂಡು, ವರದಿ ತನ್ನದೆಂದು ತಾವಾಗಿಯೇ ಹೇಳಿದರು. ಅತ್ತೆ ಬಹಳ ಹೊತ್ತು ಅತ್ತರು. ಆಮೇಲೆ ನನ್ನನ್ನು ಕರೆದು, "ಇಷ್ಟು ದಿನ ಸುಮ್ಮನೆ ಕೇಳಿಸಿಕೊಂಡ್ಯಲ್ಲೇ" ಎಂದರು. ವಿದುರಾಶ್ವತ್ಥಕ್ಕೆ ನಾವು ಮೂವರೂ ಹೋಗಿ ಪೂಜೆ ಮಾಡಿಸಿ ಬರುವುದು, ಚಿಕಿತ್ಸೆಯನ್ನು ವೈದ್ಯರು ಹೇಳಿದಂತೆ ಮುಂದುವರಿಸುವುದು, ಎರಡಕ್ಕೂ ಅವರು ಒಪ್ಪಿದರು.

ದೊಡ್ಡತ್ತೆ ಈಗಲೂ ಕೇಳುತ್ತಾರೆ, ಆದರೆ ನನ್ನ ಗಂಡನಿಗೆ ಫೋನ್ ಮಾಡಿ ಕೇಳುತ್ತಾರೆ. ಅವರೂ ಅದೇ ಮಾತನ್ನೇ ಹೇಳುತ್ತಾರೆ. ಮುಂದಿನ ತಿಂಗಳು ಚಿಂತಾಮಣಿಯಲ್ಲಿ ನನ್ನ ತಮ್ಮನ ಮದುವೆಯಿದೆ. ಅಲ್ಲಿ ನನ್ನ ಚಿಕ್ಕಮ್ಮಂದಿರು ಇವರನ್ನು ಸುತ್ತುವರಿದಾಗ ಉತ್ತರ ಹೇಳುವ ಸರದಿ ನನ್ನದು.